ಉತ್ಕೇಂದ್ರೀಯ ಹೊರೆ ಹೊತ್ತ ಬ್ರಾಕೆಟ್ಟಿನಲ್ಲಿ ಅತಿ ಹೆಚ್ಚು ಬಲ ಬೀಳುವ ರಿವೆಟ್ ಯಾವುದು: ಲೆಕ್ಕದ ಸಮಗ್ರ ಕ್ರಮ

ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಯಿಂದ ಮೀನಿನ ಬುಟ್ಟಿಗಳನ್ನೋ ಮಂಜುಗಡ್ಡೆಯನ್ನೋ ಎತ್ತುವುದಕ್ಕೆ, ಶಿರಸಿಯಲ್ಲಿ ಅಡಿಕೆ ಮೂಟೆಗಳನ್ನು ಮಹಡಿಗೆ ಏರಿಸುವುದಕ್ಕೆ, ಉಕ್ಕಿನ ಕಂಬಕ್ಕೆ ಒಂದು ಪ್ಲೇಟನ್ನು ಜೋಡಿಸಿ ಅದರ ತುದಿಗೆ ರಾಟೆ ತೂಗುಹಾಕಬೇಕಾಗುತ್ತದೆ. ಹೊರೆ ಬೀಳುವ ರೇಖೆಯು ರಿವೆಟ್‌ಗಳ ಗುಂಪಿನ ನಡುವಿನಿಂದ ಹಾದುಹೋಗದೆ ದೂರದಲ್ಲಿ ಇಳಿಯುವುದರಿಂದ ಇದನ್ನು ಉತ್ಕೇಂದ್ರೀಯ ಹೊರೆ ಎನ್ನುತ್ತೇವೆ. ಇಂಥ ಜೋಡಣೆಯಲ್ಲಿ ಎಲ್ಲ ರಿವೆಟ್‌ಗಳಿಗೂ ಒಂದೇ ಬಲ ಬೀಳುವುದಿಲ್ಲ. ಯಾವ ರಿವೆಟ್ಟಿಗೆ ಅತಿ ಹೆಚ್ಚು ಬೀಳುತ್ತದೆಯೋ ಅದರ ಬಲದಿಂದಲೇ ಎಲ್ಲ ರಿವೆಟ್‌ಗಳ ವ್ಯಾಸವನ್ನೂ ನಿರ್ಧರಿಸುತ್ತೇವಾದ್ದರಿಂದ, ಆ ಒಂದನ್ನು ಸರಿಯಾಗಿ ಗುರುತಿಸುವುದೇ ಈ ಲೆಕ್ಕದ ತಿರುಳು.

“ಕೇಂದ್ರದಿಂದ ಅತಿ ದೂರದಲ್ಲಿರುವ ರಿವೆಟ್ಟಿಗೇ ಅತಿ ಹೆಚ್ಚು ಬಲ” ಎಂಬ ಮಾತು ಡಿಪ್ಲೊಮಾ ತರಗತಿಗಳಲ್ಲಿಯೂ ವರ್ಕ್‌ಶಾಪುಗಳಲ್ಲಿಯೂ ಬಹಳ ಬಳಕೆಯಲ್ಲಿದೆ. ಅದು ಅರ್ಧ ಮಾತ್ರ ನಿಜ. ಉಳಿದರ್ಧ ಎಲ್ಲಿ ತಪ್ಪುತ್ತದೆ ಎಂಬುದು ಎದ್ದು ಕಾಣುವಂತೆ, ಎಡಬಲ ಸಮವಿಲ್ಲದ ಐದು ರಿವೆಟ್‌ಗಳ ಬ್ರಾಕೆಟ್ ಒಂದನ್ನು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಮಾಡೋಣ.

ಲೆಕ್ಕಕ್ಕೆ ಮೊದಲು ನೋಡಬೇಕಾದದ್ದು

ಬ್ರಾಕೆಟ್ಟಿನ ಎದುರು ನಿಂತು ಹೊರೆ ಎಲ್ಲಿ ತೂಗುತ್ತಿದೆ ಎಂದು ನೋಡಬೇಕು. ಪ್ಲೇಟು ಕಂಬದ ಮುಖಕ್ಕೆ ಅಂಟಿಕೊಂಡಂತೆ ಕುಳಿತು ಪಕ್ಕಕ್ಕೆ ಚಾಚಿದ್ದರೆ, ಹೊರೆಯೂ ಆ ಪ್ಲೇಟಿನ ಸಮತಲದಲ್ಲಿಯೇ ಕೆಳಗೆ ಎಳೆಯುತ್ತಿದ್ದರೆ, ಪ್ಲೇಟು ಕಂಬದ ಮುಖದ ಮೇಲೆಯೇ ಸುತ್ತಲು ಹವಣಿಸುತ್ತದೆ ಮತ್ತು ರಿವೆಟ್‌ಗಳ ಮೇಲೆ ಕತ್ತರಿಸುವ ಬಲ ಮಾತ್ರ ಬೀಳುತ್ತದೆ. ಇಲ್ಲಿ ಹೇಳುವ ಕ್ರಮ ಈ ಬಗೆಯ ಬ್ರಾಕೆಟ್ಟಿಗೆ ಮಾತ್ರ ಸಲ್ಲುತ್ತದೆ. ಬ್ರಾಕೆಟ್ಟು ಕಂಬದ ಮುಖದಿಂದ ನಮ್ಮೆಡೆಗೆ ಚಾಚಿಕೊಂಡಿದ್ದರೆ ಹೊರೆಯು ಮೇಲಿನ ರಿವೆಟ್‌ಗಳನ್ನು ಕಂಬದಿಂದ ಕಿತ್ತು ತೆಗೆಯುವಂತೆ ಜಗ್ಗುತ್ತದೆ. ಅದು ಬೇರೆಯೇ ಲೆಕ್ಕ, ಅದನ್ನು ಇದರೊಂದಿಗೆ ಬೆರೆಸಬಾರದು.

ಈ ಕ್ರಮದ ಹಿಂದೆ ಮೂರು ಊಹೆಗಳಿವೆ. ಪ್ಲೇಟು ಮತ್ತು ಕಂಬ ಬಾಗದಷ್ಟು ಗಟ್ಟಿಯಾಗಿವೆ, ಎಲ್ಲ ರಿವೆಟ್‌ಗಳೂ ಒಂದೇ ವ್ಯಾಸದವು, ಮತ್ತು ಪ್ರತಿ ರಿವೆಟ್ಟು ತಾನು ಜರುಗಿದಷ್ಟಕ್ಕೆ ತಕ್ಕಂತೆ ಬಲವನ್ನು ಹೊರುತ್ತದೆ. ಕೆಂಪಗೆ ಕಾಯಿಸಿ ಬಡಿದ ರಿವೆಟ್ಟು ಆರುವಾಗ ಕುಗ್ಗಿ ಪ್ಲೇಟುಗಳನ್ನು ಬಿಗಿಯಾಗಿ ಅವಚಿಕೊಳ್ಳುವುದರಿಂದ ಹುಟ್ಟುವ ಘರ್ಷಣೆಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಎಷ್ಟಿದೆ ಎಂದು ನಂಬಿಕೆಯಿಂದ ಹೇಳಲು ಬಾರದು, ಬಿಟ್ಟರೆ ಲೆಕ್ಕ ಸುರಕ್ಷತೆಯ ಕಡೆಗೇ ವಾಲುತ್ತದೆ.

ನಮ್ಮ ಬ್ರಾಕೆಟ್ಟು

ಬಂದರಿನ ಶೆಡ್ಡಿನ ಕಂಬಕ್ಕೆ ಕೂರಿಸುವ ಪ್ಲೇಟು ಬಲಕ್ಕೆ ಚಾಚಿದೆ ಎಂದಿಟ್ಟುಕೊಳ್ಳೋಣ. ಬಲಸಾಲಿನಲ್ಲಿ 80 ಮಿ.ಮೀ. ಅಂತರಕ್ಕೆ ಒಂದರ ಮೇಲೊಂದು ಮೂರು ರಿವೆಟ್‌ಗಳಿವೆ. ಅದರಿಂದ 80 ಮಿ.ಮೀ. ಎಡಕ್ಕೆ ಇರುವ ಎಡಸಾಲಿನಲ್ಲಿ ಮೇಲೊಂದು, ಕೆಳಗೊಂದು, ಹೀಗೆ ಎರಡೇ ಇವೆ. ನಡುವಿನ ಜಾಗದಲ್ಲಿ ಹಳೆಯ ಪೈಪಿನ ಕ್ಲ್ಯಾಂಪ್ ಇದ್ದುದರಿಂದ ಅಲ್ಲಿ ತೂತು ಕೊರೆಯಲು ಆಗಿಲ್ಲ. ರಾಟೆಯ ಅಚ್ಚು ಬಲಸಾಲಿನಿಂದ 200 ಮಿ.ಮೀ. ಬಲಕ್ಕಿದೆ.

ಹೊರೆ ಎಷ್ಟು ಎಂಬಲ್ಲಿಯೇ ಒಂದು ಎಚ್ಚರ ಬೇಕು. ಎತ್ತುವ ಮಾಲು ಸುಮಾರು 800 ಕೆ.ಜಿ., ಅಂದರೆ 8 ಕಿಲೋನ್ಯೂಟನ್. ಹಗ್ಗ ಜಗ್ಗುವಾಗಿನ ಜರ್ಕಿಗೆ ಕಾಲುಭಾಗ ಸೇರಿಸಿದರೆ 10. ಆದರೆ ಹಗ್ಗವು ರಾಟೆಯ ಮೇಲಿಂದ ಹಾದು ಇನ್ನೊಂದು ಬದಿಯಲ್ಲಿ ಕೆಳಮುಖವಾಗಿಯೇ ಎಳೆಯಲ್ಪಡುತ್ತದೆ, ಆ ಎಳೆತವೂ ಅಷ್ಟೇ ಇರುತ್ತದೆ. ಆದ್ದರಿಂದ ಅಚ್ಚಿನ ಮೇಲೆ ಬೀಳುವ ಹೊರೆ 10 ಅಲ್ಲ, 20 ಕಿಲೋನ್ಯೂಟನ್. ಈ ಇಮ್ಮಡಿಯನ್ನು ಮರೆತರೆ ಮುಂದಿನ ಲೆಕ್ಕವನ್ನು ಎಷ್ಟು ಚೊಕ್ಕವಾಗಿ ಮಾಡಿದರೂ ಉತ್ತರ ಅರ್ಧಕ್ಕೆ ಇಳಿದಿರುತ್ತದೆ.

ಗುಂಪಿನ ಕೇಂದ್ರಬಿಂದು

ಪ್ಲೇಟು ಯಾವ ಬಿಂದುವಿನ ಸುತ್ತ ತಿರುಗಲು ಹವಣಿಸುತ್ತದೆ ಎಂಬುದನ್ನು ರಿವೆಟ್‌ಗಳ ಸ್ಥಾನಗಳು ತೀರ್ಮಾನಿಸುತ್ತವೆ. ಪ್ಲೇಟಿನ ಆಕಾರಕ್ಕೆ ಇದರಲ್ಲಿ ಪಾತ್ರವಿಲ್ಲ. ಎಡಸಾಲಿನ ಕೆಳಗಿನ ರಿವೆಟ್ಟನ್ನು ಮೂಲಬಿಂದುವಾಗಿ ಇಟ್ಟುಕೊಂಡು ಐದೂ ರಿವೆಟ್‌ಗಳ ಅಡ್ಡ ಅಳತೆಗಳ ಸರಾಸರಿ ತೆಗೆದರೆ (80 + 80 + 80 + 0 + 0) ÷ 5 = 48 ಮಿ.ಮೀ. ಬರುತ್ತದೆ. ಎತ್ತರದ ಸರಾಸರಿ (0 + 80 + 160 + 0 + 160) ÷ 5 = 80 ಮಿ.ಮೀ. ಎರಡು ಸಾಲುಗಳ ನಟ್ಟನಡುವೆ, ಅಂದರೆ 40 ಮಿ.ಮೀ. ಬಳಿ, ಕೇಂದ್ರವಿದೆ ಎಂದು ಕಣ್ಣಂದಾಜಿನಲ್ಲಿ ಗುರುತು ಹಾಕುವುದು ಇಲ್ಲಿ ಸಲ್ಲದು. ಬಲಸಾಲಿನಲ್ಲಿ ಒಂದು ರಿವೆಟ್ಟು ಹೆಚ್ಚಿರುವುದರಿಂದ ಕೇಂದ್ರವು ಅತ್ತ 8 ಮಿ.ಮೀ. ಸರಿದಿದೆ.

ಇನ್ನು ಎಲ್ಲ ಅಳತೆಗಳನ್ನೂ ಈ ಕೇಂದ್ರದಿಂದಲೇ ಅಳೆಯುತ್ತೇವೆ. ಬಲಕ್ಕೆ x, ಮೇಲಕ್ಕೆ y ಎಂದು ಇಟ್ಟುಕೊಂಡರೆ ಐದು ರಿವೆಟ್‌ಗಳು ಹೀಗೆ ಕೂರುತ್ತವೆ:

```
1  ಎಡ ಮೇಲಿನದು    x = -48   y = +80   r² = 8704
2  ಎಡ ಕೆಳಗಿನದು    x = -48   y = -80   r² = 8704
3  ಬಲ ಮೇಲಿನದು    x = +32   y = +80   r² = 7424
4  ಬಲ ನಡುವಿನದು   x = +32   y =   0   r² = 1024
5  ಬಲ ಕೆಳಗಿನದು    x = +32   y = -80   r² = 7424
                                  Σr² = 33280
```

ದೂರದ ವರ್ಗ r² ಎಂದರೆ x ಮತ್ತು y ಎರಡರ ವರ್ಗಗಳ ಮೊತ್ತ. ಮೊದಲು ಪ್ರತಿಯೊಂದನ್ನೂ ವರ್ಗ ಮಾಡಿ ಆಮೇಲೆ ಕೂಡಿಸಬೇಕು, ದೂರಗಳನ್ನು ಕೂಡಿಸಿ ವರ್ಗ ಮಾಡಬಾರದು. ಕೇಂದ್ರದಿಂದ ಅತಿ ದೂರದಲ್ಲಿರುವವು ಎಡಸಾಲಿನ ಎರಡು ರಿವೆಟ್‌ಗಳು (93.3 ಮಿ.ಮೀ.) ಮತ್ತು ಬಲಸಾಲಿನ ಮೂಲೆಯವು ಅವಕ್ಕಿಂತ ಹತ್ತಿರ (86.2 ಮಿ.ಮೀ.) ಎಂಬುದನ್ನು ಇಲ್ಲಿಯೇ ಗಮನಿಸಿಟ್ಟುಕೊಳ್ಳಬೇಕು.

ಹೊರೆಯನ್ನು ಎರಡಾಗಿ ಬಿಡಿಸುವುದು

ಕೇಂದ್ರದಿಂದ ಹೊರೆಯ ರೇಖೆಗಿರುವ ಅಡ್ಡ ಅಂತರ e = 200 + 32 = 232 ಮಿ.ಮೀ. ಅತಿ ಹೆಚ್ಚು ಜನ ಎಡವುವುದು ಈ ಅಂತರದಲ್ಲಿಯೇ. ಟೇಪು ಹಿಡಿದವರಿಗೆ ಬಲಸಾಲಿನಿಂದ ಅಳೆಯುವುದು ಸುಲಭವಾದ್ದರಿಂದ 200 ಎಂದೇ ಬರೆದುಬಿಡುತ್ತಾರೆ. ಆ ಒಂದು ತಪ್ಪಿನಿಂದ ಕೊನೆಯ ಉತ್ತರ 14.0 ಕಿಲೋನ್ಯೂಟನ್ ಬರುವಲ್ಲಿ 12.4 ಬರುತ್ತದೆ, ಅದೂ ಅಪಾಯದ ಕಡೆಗೆ.

ದೂರದಲ್ಲಿರುವ ಹೊರೆಯನ್ನು ಕೇಂದ್ರಬಿಂದುವಿಗೆ ತಂದು ನಿಲ್ಲಿಸಿದಂತೆ ಭಾವಿಸಿದರೆ, ಅದರ ಪರಿಣಾಮವು ಎರಡು ಭಾಗವಾಗುತ್ತದೆ. ಒಂದು, ಕೇಂದ್ರದಲ್ಲಿ ಕೆಳಕ್ಕೆ ಎಳೆಯುವ 20 ಕಿಲೋನ್ಯೂಟನ್. ಇನ್ನೊಂದು, ಪ್ಲೇಟನ್ನು ಪ್ರದಕ್ಷಿಣವಾಗಿ ತಿರುಗಿಸುವ ಮೊಮೆಂಟ್ M = 20 × 232 = 4640 ಕಿಲೋನ್ಯೂಟನ್-ಮಿ.ಮೀ.

ಮೊದಲನೆಯದನ್ನು ಐದೂ ರಿವೆಟ್‌ಗಳು ಸಮನಾಗಿ ಹಂಚಿಕೊಳ್ಳುತ್ತವೆ, ಆದ್ದರಿಂದ ಪ್ರತಿಯೊಂದಕ್ಕೂ ಕೆಳಮುಖವಾಗಿ 4 ಕಿಲೋನ್ಯೂಟನ್ ನೇರ ಬಲ. ಎರಡನೆಯದನ್ನು ದೂರಕ್ಕೆ ತಕ್ಕಂತೆ ಹಂಚಿಕೊಳ್ಳುತ್ತವೆ. ಪ್ಲೇಟು ತಿರುಗುವಾಗ ಕೇಂದ್ರದಿಂದ ದೂರವಿರುವ ತೂತು ಹೆಚ್ಚು ಜರುಗುತ್ತದೆ, ಹೆಚ್ಚು ಜರುಗಿದ ಕಡೆ ರಿವೆಟ್ಟಿನ ಬಲವೂ ಹೆಚ್ಚು. ಹಂಚಿಕೆಯ ಗುಣಾಂಕ ಹೀಗಿದೆ:

```
k = M / Σr² = 4640 / 33280 = 0.1394 kN/mm
```

ಒಂದು ರಿವೆಟ್ಟಿನ ತಿರುಗಣೆಯ ಬಲ k × r. ಎಡಸಾಲಿನವಕ್ಕೆ ಇದು 13.0, ಬಲಸಾಲಿನ ಮೂಲೆಯವಕ್ಕೆ 12.0 ಕಿಲೋನ್ಯೂಟನ್. ಇಲ್ಲಿಯವರೆಗೆ “ದೂರದ್ದಕ್ಕೇ ಹೆಚ್ಚು” ಎಂಬ ಮಾತು ನಿಜ. ಅನೇಕರು ಇಲ್ಲಿಗೇ ನಿಲ್ಲಿಸಿ ಎಡಸಾಲಿನ ರಿವೆಟ್ಟನ್ನು ಆರಿಸಿಕೊಳ್ಳುತ್ತಾರೆ, ತೀರ್ಮಾನ ತಪ್ಪುವುದೂ ಇಲ್ಲಿಯೇ.

ದಿಕ್ಕು ತಿಳಿದುಕೊಳ್ಳುವುದು

ತಿರುಗಣೆಯ ಬಲ ಕೇಂದ್ರದಿಂದ ರಿವೆಟ್ಟಿಗೆ ಎಳೆದ ಗೆರೆಗೆ ಲಂಬವಾಗಿರುತ್ತದೆ, ಮತ್ತು ಪ್ಲೇಟು ತಿರುಗುವ ದಿಕ್ಕಿನಲ್ಲಿರುತ್ತದೆ. ಕಾಗದದ ಮೇಲೆ ಇದನ್ನು ಊಹಿಸಿಕೊಳ್ಳಲು ಕಷ್ಟವಾದರೆ ಒಂದು ರಟ್ಟಿನ ತುಂಡಿನಲ್ಲಿ ಐದು ತೂತುಗಳನ್ನೂ ಗುರುತು ಮಾಡಿ, ಕೇಂದ್ರಬಿಂದುವಿಗೆ ಗುಂಡುಪಿನ್ನು ಚುಚ್ಚಿ, ಬಲತುದಿಯನ್ನು ಮೆಲ್ಲಗೆ ಕೆಳಕ್ಕೆ ಎಳೆದು ನೋಡಬಹುದು. ಮೇಲಿನ ತೂತುಗಳು ಬಲಕ್ಕೂ ಕೆಳಗಿನವು ಎಡಕ್ಕೂ ಜರುಗುತ್ತವೆ. ಬಲಸಾಲಿನ ತೂತುಗಳು ಕೆಳಕ್ಕಿಳಿಯುತ್ತವೆ, ಎಡಸಾಲಿನವು ಮೇಲಕ್ಕೇರುತ್ತವೆ. ಹೊರಡುವ ಆ ಮೊದಲ ಜರುಗಾಟದ ದಿಕ್ಕೇ ಬಲದ ದಿಕ್ಕು.

ಎಡಸಾಲು ಮೇಲಕ್ಕೇರುತ್ತದೆ ಎಂಬುದರಲ್ಲಿ ಇಡೀ ಪ್ರಶ್ನೆಗೆ ಉತ್ತರವಿದೆ. ನೇರ ಬಲ ಎಲ್ಲ ರಿವೆಟ್‌ಗಳಿಗೂ ಕೆಳಮುಖ. ಹೊರೆಯ ಕಡೆಯ ಸಾಲಿನಲ್ಲಿ ತಿರುಗಣೆಯ ಲಂಬಭಾಗವೂ ಕೆಳಮುಖವಾದ್ದರಿಂದ ಎರಡೂ ಕೂಡಿಕೊಳ್ಳುತ್ತವೆ. ಎದುರು ಸಾಲಿನಲ್ಲಿ ಅದು ಮೇಲ್ಮುಖವಾದ್ದರಿಂದ ಒಂದನ್ನೊಂದು ಕಳೆಯುತ್ತವೆ.

ಕೂಡಿಸುವುದು

ಕೋನ ಅಳೆದು ಕೊಸೈನ್ ಸೂತ್ರದಿಂದ ಕೂಡಿಸುವ ಪದ್ಧತಿ ಪಠ್ಯಪುಸ್ತಕಗಳಲ್ಲಿದೆ. ಆದರೆ ಕೋನವನ್ನು ತಪ್ಪು ಬದಿಯಿಂದ ಓದುವ ಸಂಭವ ಅದರಲ್ಲಿ ಹೆಚ್ಚು. ಬಲವನ್ನು ಅಡ್ಡ ಮತ್ತು ಲಂಬ ಭಾಗಗಳಾಗಿ ಒಡೆದು ಕೂಡಿಸುವುದನ್ನೇ ನಾನು ಸೂಚಿಸುತ್ತೇನೆ, ಏಕೆಂದರೆ ಅಲ್ಲಿ ಚಿಹ್ನೆಯೇ ದಿಕ್ಕನ್ನು ನೋಡಿಕೊಳ್ಳುತ್ತದೆ. ಕೆಳಗೆ H ಅಡ್ಡಭಾಗ, V ಲಂಬಭಾಗ, R ಎರಡೂ ಕೂಡಿದ ಒಟ್ಟು ಬಲ, P ಹೊರೆ, n ರಿವೆಟ್‌ಗಳ ಸಂಖ್ಯೆ.

```
H = k·y            (+ ಬಂದರೆ ಬಲಕ್ಕೆ)
V = P/n + k·x      (+ ಬಂದರೆ ಕೆಳಕ್ಕೆ)
R = √(H² + V²)
```

ಬಲಸಾಲಿನ ಮೇಲಿನ ರಿವೆಟ್ಟಿಗೆ H = 0.1394 × 80 = 11.15. ಅದರ V = 4 + 0.1394 × 32 = 4 + 4.46 = 8.46. ಆದ್ದರಿಂದ R = 14.0 ಕಿಲೋನ್ಯೂಟನ್. ಬಲಸಾಲಿನ ಕೆಳಗಿನದಕ್ಕೂ ಅಷ್ಟೇ ಬಲ, ಅಡ್ಡಭಾಗ ಮಾತ್ರ ಎಡಕ್ಕೆ. ನಡುವಿನದಕ್ಕೆ ಅಡ್ಡಭಾಗವೇ ಇಲ್ಲದಿರುವುದರಿಂದ 8.46.

ಎಡಸಾಲಿನ ಮೇಲಿನದಕ್ಕೆ H ಅದೇ 11.15. ಆದರೆ V = 4 − 0.1394 × 48 = 4 − 6.69 = −2.69, ಅಂದರೆ ಮೇಲ್ಮುಖವಾಗಿ 2.69. ಆಗ R = 11.5 ಕಿಲೋನ್ಯೂಟನ್ ಮಾತ್ರ. ಕೇಂದ್ರದಿಂದ ಅತಿ ದೂರದಲ್ಲಿದ್ದು ತಿರುಗಣೆಯ ಬಲ ಅತಿ ಹೆಚ್ಚಾಗಿದ್ದರೂ ಇದು ಕೊನೆಗೆ 11.5ರಲ್ಲಿ ನಿಂತಿತು. ಅದಕ್ಕಿಂತ ಹತ್ತಿರವಿದ್ದ ಬಲಸಾಲಿನ ಮೂಲೆಯ ರಿವೆಟ್‌ಗಳು 14.0 ಹೊರುತ್ತಿವೆ. ಅತಿ ಹೆಚ್ಚು ಬಲ ಬೀಳುವ ರಿವೆಟ್‌ಗಳು ಅವೇ.

ಉತ್ತರವನ್ನು ನಂಬುವ ಮೊದಲು ಒಂದು ನಿಮಿಷದ ಪರೀಕ್ಷೆ ಮಾಡಲೇಬೇಕು. ಎಲ್ಲ ಲಂಬಭಾಗಗಳನ್ನು ಚಿಹ್ನೆಸಹಿತ ಕೂಡಿಸಿದರೆ ಹೊರೆ ಮರಳಿ ಸಿಗಬೇಕು: 3 × 8.46 − 2 × 2.69 = 20.0. ಅಡ್ಡಭಾಗಗಳ ಮೊತ್ತ ಸೊನ್ನೆಯಾಗಬೇಕು: ಮೇಲಿನ ಎರಡರ 11.15 ಬಲಕ್ಕೆ, ಕೆಳಗಿನ ಎರಡರ 11.15 ಎಡಕ್ಕೆ, ಸರಿಹೋಯಿತು. ಕೇಂದ್ರಬಿಂದುವನ್ನು ತಪ್ಪಾಗಿ ಹಿಡಿದಿದ್ದರೆ ಈ ಮೊತ್ತಗಳಲ್ಲಿ ಒಂದು ಕೂಡದೆ ಉಳಿದು ತಪ್ಪನ್ನು ತೋರಿಸಿಕೊಡುತ್ತದೆ. ಆದರೆ e ತಪ್ಪಾಗಿದ್ದರೆ ಈ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ, ಆದ್ದರಿಂದ ಆ ಅಳತೆಯನ್ನು ಬೇರೆಯಾಗಿಯೇ ಎರಡನೆಯ ಸಲ ನೋಡಬೇಕು.

ದೂರದ ರಿವೆಟ್ಟು ಯಾವಾಗ ಮುಂದಾಗುತ್ತದೆ

ಹಾಗಾದರೆ ಹೊರೆಯ ಕಡೆಯ ಸಾಲೇ ಯಾವಾಗಲೂ ಹೆಚ್ಚು ಹೊರುತ್ತದೆಯೇ ಎಂದರೆ, ಅದೂ ಇಲ್ಲ. ಎರಡು ಸಾಲುಗಳಲ್ಲಿ ಒಂದೇ ಸಂಖ್ಯೆಯ, ಒಂದೇ ಎತ್ತರದ ರಿವೆಟ್‌ಗಳಿದ್ದಾಗ ನಾಲ್ಕು ಮೂಲೆಗಳೂ ಕೇಂದ್ರದಿಂದ ಸಮದೂರದಲ್ಲಿರುತ್ತವೆ, ಆಗ ಹೊರೆಯ ಕಡೆಯ ಮೂಲೆಗಳು ಖಂಡಿತವಾಗಿ ಮುಂದಿರುತ್ತವೆ. ಪರೀಕ್ಷೆಯ ಪ್ರಶ್ನೆಗಳು ಬಹುಪಾಲು ಇಂಥವೇ ಆದ್ದರಿಂದ ವಿದ್ಯಾರ್ಥಿಗಳಿಗೆ ಉಳಿದ ಸಾಧ್ಯತೆ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಐದು ರಿವೆಟ್‌ಗಳಲ್ಲಿ ಮೇಲಿನ ಎರಡಕ್ಕೂ ಅಡ್ಡಭಾಗ ಒಂದೇ ಆಗಿರುವುದರಿಂದ ಲಂಬಭಾಗಗಳನ್ನಷ್ಟೇ ಹೋಲಿಸಿದರೆ ಸಾಕು. ಬಲದ್ದು 32k + 4, ಎಡದ್ದು 48k − 4. ಇವೆರಡೂ ಸಮನಾಗುವುದು k = 0.5 ಆದಾಗ, ಅಂದರೆ e = 0.5 × 33280 ÷ 20 = 832 ಮಿ.ಮೀ. ಆದಾಗ. ರಾಟೆಯನ್ನು ಕೇಂದ್ರದಿಂದ 832 ಮಿ.ಮೀ.ಗಿಂತ ಆಚೆಗೆ ಒಯ್ದರೆ ತಿರುಗಣೆಯ ಬಲ ಅಷ್ಟು ಬೆಳೆದು ನೇರ ಬಲದ ಕಳೆಯುವಿಕೆ ಸಾಲದೆ ಎಡಸಾಲಿನ ರಿವೆಟ್‌ಗಳೇ ಮುಂದಾಗುತ್ತವೆ. ದೋಣಿಯ ಮೇಲಕ್ಕೆ ತಲುಪಲೆಂದು ತೋಳನ್ನು ಉದ್ದ ಮಾಡುವವರು ಇದನ್ನು ನೆನಪಿಟ್ಟು ಲೆಕ್ಕವನ್ನು ಹೊಸದಾಗಿ ಮಾಡಬೇಕು. ಸಮವಿಲ್ಲದ ಗುಂಪಿನಲ್ಲಿ ಎಲ್ಲ ಮೂಲೆಗಳ R ಅನ್ನೂ ತೆಗೆದು ಹೋಲಿಸುವುದೇ ಸರಿಯಾದ ದಾರಿ.

ವ್ಯಾಸ ನಿರ್ಧಾರ

ಈ ಉದಾಹರಣೆಗೆ ಅನುಮತಿಸಿದ ಕತ್ತರಿಕೆಯ ಪೀಡನ, ಅಂದರೆ ಶಿಯರ್ ಸ್ಟ್ರೆಸ್, ಚದರ ಮಿ.ಮೀ.ಗೆ 80 ನ್ಯೂಟನ್ ಎಂದು ಇಟ್ಟುಕೊಳ್ಳೋಣ. 14000 ÷ 80 = 175 ಚದರ ಮಿ.ಮೀ. ಅಡ್ಡಕೊಯ್ತ ಬೇಕಾಗುತ್ತದೆ, ಅದಕ್ಕೆ ವ್ಯಾಸ 14.9 ಮಿ.ಮೀ. ಆದ್ದರಿಂದ 16 ಮಿ.ಮೀ. ರಿವೆಟ್ಟು. ಎಡಸಾಲಿನದೇ ಹೆಚ್ಚು ಹೊರುತ್ತದೆಂದು ನಂಬಿ 11.5 ಕಿಲೋನ್ಯೂಟನ್ನಿಗೆ ಲೆಕ್ಕ ಹಾಕಿದವರು 14 ಮಿ.ಮೀ. ಸಾಕೆಂದು ಬರೆಯುತ್ತಿದ್ದರು. ಆಗ ಬಲಸಾಲಿನ ಮೂಲೆಗಳಲ್ಲಿ ಪೀಡನವು 91 ಆಗುತ್ತಿತ್ತು, ಮಿತಿಗಿಂತ ಶೇ. 14 ಹೆಚ್ಚು. ಇದೇ 14.0 ಕಿಲೋನ್ಯೂಟನ್ ಬಲಕ್ಕೆ ಪ್ಲೇಟಿನ ತೂತಿನ ಅಂಚು ಜಜ್ಜಿಹೋಗದಂತೆ ದಪ್ಪ ಸಾಲುತ್ತದೆಯೇ ಎಂಬುದನ್ನೂ ನೋಡಬೇಕು, 8 ಮಿ.ಮೀ. ಪ್ಲೇಟಿನಲ್ಲಿ ಆ ಪೀಡನ 14000 ÷ (16 × 8) = ಚದರ ಮಿ.ಮೀ.ಗೆ 109 ನ್ಯೂಟನ್, ಚಿಂತೆಯಿಲ್ಲ.

ಒಂದು ರಿವೆಟ್ಟು ಸಡಿಲವಾದರೆ

ಕರಾವಳಿಯ ಉಪ್ಪುಗಾಳಿಯಲ್ಲಿ ಈ ಪ್ರಶ್ನೆಯನ್ನು ಬಿಡುವಂತಿಲ್ಲ. ಸಡಿಲವಾದ ರಿವೆಟ್ಟಿನ ತಲೆಯ ಸುತ್ತ ಬಣ್ಣ ಬಿರಿದು, ಅಲ್ಲಿಂದ ಕೆಂಪು ತುಕ್ಕಿನ ನೀರು ಗೆರೆಯಾಗಿ ಇಳಿದಿರುತ್ತದೆ. ಮಳೆಗಾಲ ಮುಗಿದ ಮೇಲೆ ಇದು ಚೆನ್ನಾಗಿ ಕಾಣುತ್ತದೆ. ಅನುಮಾನವಿದ್ದರೆ ತಲೆಯ ಒಂದು ಬದಿಗೆ ಬೆರಳನ್ನು ತಲೆಯೂ ಪ್ಲೇಟೂ ಕೂಡುವ ಅಂಚಿನ ಮೇಲಿಟ್ಟು, ಎದುರು ಬದಿಗೆ ಸಣ್ಣ ಸುತ್ತಿಗೆಯಿಂದ ಬಡಿಯಬೇಕು. ಬಿಗಿಯಾದದ್ದು ಕಣಕಣ ಎನ್ನುತ್ತದೆ. ಸಡಿಲವಾದದ್ದು ಮಂಕಾಗಿ ಸದ್ದು ಮಾಡಿ ಬೆರಳಿಗೆ ಅದುರು ತಟ್ಟಿಸುತ್ತದೆ. ನಮ್ಮ ಬ್ರಾಕೆಟ್ಟಿನಲ್ಲಿ ಮೊದಲು ಬಡಿದು ನೋಡಬೇಕಾದವು ಬಲಸಾಲಿನ ಮೇಲಿನದು ಮತ್ತು ಕೆಳಗಿನದು.

ಬಲ ಮೇಲಿನ ರಿವೆಟ್ಟು ಪೂರ್ತಿ ಸಡಿಲವಾಯಿತು ಎಂದುಕೊಳ್ಳೋಣ. ಉಳಿದ ನಾಲ್ಕಕ್ಕೆ ಲೆಕ್ಕವನ್ನು ಮೊದಲಿನಿಂದ ಮಾಡಬೇಕು, ಏಕೆಂದರೆ ಕೇಂದ್ರವೇ ಸರಿದುಹೋಗಿದೆ. ಹೊಸ ಕೇಂದ್ರ ಮೂಲಬಿಂದುವಿನಿಂದ ಅಡ್ಡಕ್ಕೆ 40, ಎತ್ತರಕ್ಕೆ 60 ಮಿ.ಮೀ. ಅಂತರ e = 240, ಮೊಮೆಂಟ್ 4800, Σr² = 24000, ಆದ್ದರಿಂದ k = 0.2. ನೇರ ಬಲ ತಲಾ 5 ಕಿಲೋನ್ಯೂಟನ್. ಎಡ ಮೇಲಿನ ರಿವೆಟ್ಟು ಈಗ ಕೇಂದ್ರದಿಂದ 40 ಎಡಕ್ಕೆ ಮತ್ತು 100 ಮೇಲಕ್ಕಿದೆ; ಅದರ H = 20, V = 5 − 8 = −3, ಹಾಗಾಗಿ R = 20.2 ಕಿಲೋನ್ಯೂಟನ್. ಬಲ ಕೆಳಗಿನದಕ್ಕೆ 17.7, ಬಲ ನಡುವಿನದಕ್ಕೆ 13.6, ಎಡ ಕೆಳಗಿನದಕ್ಕೆ 12.4.

ಮೊದಲು 11.5 ಹೊತ್ತು ಹಗುರವಾಗಿದ್ದ ಎಡ ಮೇಲಿನ ರಿವೆಟ್ಟೇ ಈಗ ಅತಿ ಹೆಚ್ಚು ಹೊರುವುದಾಯಿತು. 16 ಮಿ.ಮೀ. ವ್ಯಾಸಕ್ಕೆ ಅದರ ಪೀಡನ ಸುಮಾರು 100, ಅನುಮತಿಸಿದ 80ನ್ನು ದಾಟಿದೆ. ಆದ್ದರಿಂದ ಬಲ ಮೇಲಿನದು ಸಡಿಲವಾಗಿದೆ ಎಂದು ಕಂಡ ಕೂಡಲೇ ಎತ್ತುವ ಕೆಲಸ ನಿಲ್ಲಿಸಿ, ಎಡ ಮೇಲಿನದನ್ನು ಬಡಿದು ನೋಡಬೇಕು. ಪಕ್ಕದ ನಡುವಿನ ರಿವೆಟ್ಟನ್ನಷ್ಟೇ ನೋಡಿ ಸಮಾಧಾನಪಟ್ಟುಕೊಳ್ಳುವುದು ಸಾಲದು.

ಹಳೆಯ ರಿವೆಟ್ಟನ್ನು ಕತ್ತರಿಸುವ ಮೊದಲು ರಾಟೆಯ ಹೊರೆಯನ್ನು ಪೂರ್ತಿ ಇಳಿಸಿ ಬ್ರಾಕೆಟ್ಟಿಗೆ ಕೆಳಗಿನಿಂದ ಆನಿಕೆ ಕೊಡಬೇಕು. ಅದರ ಜಾಗಕ್ಕೆ ಬೋಲ್ಟು ಹಾಕುವುದಾದರೆ ತೂತನ್ನು ರೀಮರ್ ಹಾಕಿ ಗುಂಡಗೆ ಸಮಮಾಡಿ, ಲೇತಿನಲ್ಲಿ ತೂತಿನ ಅಳತೆಗೆ ಕಡೆದ ಬೋಲ್ಟನ್ನೇ ಬಿಗಿಯಾಗಿ ಕೂರಿಸಬೇಕು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬೋಲ್ಟನ್ನು ಸಡಿಲ ತೂತಿಗೆ ತೂರಿಸಿದರೆ, ಪ್ಲೇಟು ಜರುಗಿ ತೂತಿನ ಗೋಡೆ ಬೋಲ್ಟಿಗೆ ತಾಗುವವರೆಗೂ ಅದು ಕತ್ತರಿ ಬಲದಲ್ಲಿ ತನ್ನ ಪಾಲನ್ನು ಸರಿಯಾಗಿ ಹೊರುವುದಿಲ್ಲ. ಅಲ್ಲಿಯವರೆಗೆ ಎಡ ಮೇಲಿನ ರಿವೆಟ್ಟಿನ ಮೇಲಿರುವ ಬಲ ಹೆಚ್ಚುಕಡಿಮೆ ಆ 20.2 ಕಿಲೋನ್ಯೂಟನ್ನೇ.